ತಕ್ಕಡಿ ಮುಟ್ಟಿದ ರೇಟು

ಮಂಗಳೂರಿನಲ್ಲಿ ಚಿನ್ನದ ರೇಟು ಏರಿಸುವುದೂ ಇಳಿಸುವುದೂ ಮೋಹನದಾಸರೇ ಎಂದು ನಂಬಿದವರು ಬಹಳ ಮಂದಿ ಇದ್ದರು. ಮದುವೆ ಮನೆಯಲ್ಲಿ ಊಟಕ್ಕೆ ಕುಳಿತರೆ ಎದುರಿನ ಸಾಲಿನಿಂದ ಯಾರಾದರೂ, "ಎಂತ ಮೋಹನಣ್ಣ, ಬಡವರನ್ನು ಬದುಕಲಿಕ್ಕೆ ಬಿಡುವುದಿಲ್ಲವಾ ನೀವು?" ಎಂದು ಕೇಳಿಯೇ ಕೇಳುತ್ತಿದ್ದರು. ಮೊದಮೊದಲು ಅವರು ನಗುತ್ತಿದ್ದರು. ಆಮೇಲೆ ವಿವರಿಸುತ್ತಿದ್ದರು. ಈಗೀಗ ಹಪ್ಪಳ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಬಾಯಿ ತುಂಬಿದ್ದರೆ ಉತ್ತರ ಕೊಡುವ ಹಂಗಿಲ್ಲವಲ್ಲ.

ಭವಂತಿ ಸ್ಟ್ರೀಟಿನಲ್ಲಿ ಅವರದು ಎರಡು ಬಾಗಿಲಿನ ಸಣ್ಣ ಅಂಗಡಿ. ನಗರದ ಚಿನ್ನ ವ್ಯಾಪಾರಿಗಳ ಸಂಘಕ್ಕೆ ಅವರು ಕಾರ್ಯದರ್ಶಿ. ಆ ಕುರ್ಚಿಯಲ್ಲಿ ಕುಳಿತು ಎಷ್ಟು ವರ್ಷವಾಯಿತೆಂದರೆ, ಬಿಡುತ್ತೇನೆ ಎಂದು ಅವರು ಹೇಳುವುದೂ, ಇನ್ನೊಂದು ವರ್ಷ ಇರಿ ಎಂದು ಉಳಿದವರು ಹೇಳುವುದೂ ವಾರ್ಷಿಕ ಸಭೆಯ ಊಟದಷ್ಟೇ ಖಾಯಂ ಆಗಿತ್ತು. ಅವರಿಗೆ ಸುಸ್ತಾಗಿತ್ತು. ಕಾಯಿಲೆಯಿಲ್ಲ ಏನಿಲ್ಲ, ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಕೈ ಫೋನಿಗೆ ಹೋಗುವ ಸುಸ್ತು.

ಬೆಳಗಿನ ರೇಟಿನಲ್ಲಿ ಮಾಟ ಮಂತ್ರ ಏನೂ ಇಲ್ಲ. ರಾತ್ರಿ ಅಮೆರಿಕದಲ್ಲಿ, ನಸುಕಿಗೆ ಪೂರ್ವದ ದೇಶಗಳಲ್ಲಿ ಚಿನ್ನ ಯಾವ ಬೆಲೆಗೆ ಕೈ ಬದಲಾಯಿಸಿತು ಎಂದು ಮೊದಲು ನೋಡಬೇಕು. ಅದು ಡಾಲರಿನಲ್ಲಿ, ಔನ್ಸಿನ ಲೆಕ್ಕ. ಮೂವತ್ತೊಂದು ಚಿಲ್ಲರೆ ಗ್ರಾಮಿನ ಆ ಔನ್ಸನ್ನು ಗ್ರಾಮಿಗೆ ಇಳಿಸಿ, ಡಾಲರಿಗೆ ಇವತ್ತು ಎಷ್ಟು ರೂಪಾಯಿ ಎಂದು ಗುಣಿಸಿ, ಸರ್ಕಾರದ ಆಮದು ಸುಂಕ ಸೇರಿಸಬೇಕು. ಅಲ್ಲಿಗೆ ಪೂರ್ತಿ ಮುಗಿಯುವುದಿಲ್ಲ. ಪೇಟೆಯಲ್ಲಿ ಗಟ್ಟಿ ಚಿನ್ನ ಸಿಗುವುದೇ ಕಷ್ಟವಾದರೆ ಅದರ ಮೇಲೆ ನಾಲ್ಕು ಕಾಸು ಹೆಚ್ಚು, ಕೇಳುವವರಿಲ್ಲದಿದ್ದರೆ ನಾಲ್ಕು ಕಾಸು ಕಡಿಮೆ. ಅದನ್ನು ಹೇಳುವವನು ಯೂಸ್ಟೇಸ್. ಬಂದರಿನ ಹತ್ತಿರ ಅವನದು ಗಟ್ಟಿ ಮಾರುವ ವ್ಯಾಪಾರ, ಮುಂಬಯಿಯ ದೊಡ್ಡ ವ್ಯಾಪಾರಿಗಳ ಜೊತೆ ಬೆಳಿಗ್ಗೆಯೇ ಮಾತಾಡಿರುತ್ತಾನೆ. ಹೀಗೆ ಬಂದ ಬೆಲೆ ಅಪ್ಪಟ ಚಿನ್ನದ್ದು. ಆಭರಣದ ಇಪ್ಪತ್ತೆರಡು ಕ್ಯಾರೆಟ್ಟಿನಲ್ಲಿ ಸಾವಿರಕ್ಕೆ ಒಂಬೈನೂರ ಹದಿನಾರು ಪಾಲು ಮಾತ್ರ ಚಿನ್ನ, ಉಳಿದದ್ದು ತಾಮ್ರ ಬೆಳ್ಳಿ. ಆ ಪಾಲಿಗೆ ಇಳಿಸಿ, ಚಿಲ್ಲರೆಯನ್ನು ಸರಿ ಮಾಡಿದರೆ ಅದೇ ಬೋರ್ಡ್ ರೇಟು. ಜಿಎಸ್‌ಟಿ, ಒಡವೆ ಮಾಡಿದ ಮಜೂರಿ ಎಲ್ಲ ಬಿಲ್ಲಿನಲ್ಲಿ ಬೇರೆ.

ಇದನ್ನು ಒಪ್ಪುವವರು ಮೂವರು. ಮೋಹನದಾಸರು, ಯೂಸ್ಟೇಸ್, ಮತ್ತು ಬಲ್ಮಠದ ದೊಡ್ಡ ಶೋರೂಮಿನ ಮ್ಯಾನೇಜರ್ ಮುಖೇಶ್. ಮೂವರಲ್ಲಿ ಇಬ್ಬರು ಹೂಂ ಎಂದರೆ ಮೋಹನದಾಸರು ಸದಸ್ಯರ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ, ಊರಿನ ಅಂಗಡಿಗಳ ಬೋರ್ಡಿನಲ್ಲಿ ಅಂಕೆ ಬದಲಾಗುತ್ತದೆ. ಕಡ್ಡಾಯವೇನಲ್ಲ. ಆದರೆ ಪಕ್ಕದ ಅಂಗಡಿಯಲ್ಲಿ ಒಂದು, ನಮ್ಮಲ್ಲಿ ಒಂದು ಎಂದಾದರೆ ಗಿರಾಕಿಯ ಬಾಯಿಗೆ ಬೀಳುವವರು ಯಾರು? ಹಾಗಾಗಿ ಎಲ್ಲರೂ ಅದನ್ನೇ ಹಾಕುತ್ತಾರೆ.

ಸಂಘದಲ್ಲಿ ಮೂರು ಕಟ್ಟುಪಾಡುಗಳಿದ್ದವು. ದಿನದ ನಡುವೆ ಗ್ರಾಮಿಗೆ ಐವತ್ತು ರೂಪಾಯಿಗಿಂತ ಹೆಚ್ಚು ಏರಿಳಿತವಾದರೆ ತಕ್ಷಣ ಹೊಸ ರೇಟು. ಗುಂಪಿಗೆ ಹಾಕುವ ಮೊದಲು ಮನೆಯವರಿಗೂ ಹೇಳಬಾರದು. ಮೂರನೆಯದು ಹಳಬರು ಮಾಡಿದ ಪದ್ಧತಿ: ಒಡವೆ ತಕ್ಕಡಿ ಮುಟ್ಟಿದಾಗ ಯಾವ ರೇಟಿತ್ತೋ ಅದೇ ರೇಟು, ಆಮೇಲೆ ಏರಿದರೂ ಅಷ್ಟೇ, ಇಳಿದರೂ ಅಷ್ಟೇ. ಎರಡನೆಯ ಕಟ್ಟು ಮುರಿದರು ಎಂಬ ಸುದ್ದಿಯಿಂದಲೇ ಹಿಂದಿನ ಕಾರ್ಯದರ್ಶಿ ಕುರ್ಚಿ ಬಿಟ್ಟದ್ದು. ಭಾವನಿಗೆ ಮೊದಲೇ ಹೇಳಿದರಂತೆ ಎಂದು ಯಾರೋ ಅಂದರು. ಅದು ನಿಜವೋ ಸುಳ್ಳೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆ ಮನುಷ್ಯ ಸಾಯುವ ತನಕ ಸಂಘದ ಮೆಟ್ಟಿಲು ಹತ್ತಲಿಲ್ಲ.

ಆ ದಿನ ಬೆಳಿಗ್ಗೆ ಮೋಹನದಾಸರು ಲೆಕ್ಕ ಮುಗಿಸುವ ಮೊದಲೇ ತಂಗಿ ಕುಶಲಾಳ ಫೋನು ಬಂತು. ಅವಳ ಮನೆ ಮಣ್ಣಗುಡ್ಡದಲ್ಲಿ, ಕೆಲಸ ಕೊಡಿಯಾಲ್‌ಬೈಲಿನ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್. ಗಂಡ ಯೋಗೀಶ್ ವಿದೇಶದಲ್ಲಿ, ದಮ್ಮಾಮಿನಲ್ಲಿ ದುಡಿಯುತ್ತಿದ್ದ. ಮಗಳು ನಿರೀಕ್ಷಾಳ ಮದುವೆ ಬರುವ ತಿಂಗಳು. ಮಗಳಿಗೆ ಎರಡು ಪವನಿನ, ಅಂದರೆ ಹದಿನಾರು ಗ್ರಾಮಿನ ಅವಲಕ್ಕಿ ಸರ ಹಾಕಬೇಕೆಂದು ಕುಶಲಾ ಮುಖೇಶನ ಶೋರೂಮಿನಲ್ಲಿ ತಿಂಗಳು ತಿಂಗಳು ಹಣ ಕಟ್ಟುವ ಸ್ಕೀಮಿಗೆ ಸೇರಿದ್ದಳು. ಅಣ್ಣನ ಸಣ್ಣ ಅಂಗಡಿಯಲ್ಲಿ ಅಂಥ ಸ್ಕೀಮಿರಲಿಲ್ಲ. ಇದ್ದಿದ್ದರೂ ಅಣ್ಣನ ಅಂಗಡಿಗೆ ಕಂತು ಕಟ್ಟುವ ಜಾತಿಯವಳಲ್ಲ ಅವಳು.

"ಅಣ್ಣ, ಇವತ್ತು ಸ್ಕೀಮಿಗೆ ಕಡೇ ದಿನ," ಎಂದಳು ಕುಶಲಾ. "ಇವತ್ತು ತೆಗೆದರೆ ಮಜೂರಿ ಇಲ್ಲ, ನಾಳೆಯಾದರೆ ಉಂಟು. ನನಗೆ ಒಂದೇ ಮಾತು ಹೇಳು. ಬೆಳಿಗ್ಗೆ ಹೋಗುವುದಾ, ಸಂಜೆ ಹೋಗುವುದಾ?"

"ನನಗೆ ಗೊತ್ತಿಲ್ಲ, ಕುಶಲಾ."

"ಹೇಳ್ತಿ ಅಂತ ನಾನೂ ಕೇಳ್ಲಿಲ್ಲ."

"ದೇವರಾಣೆ ಗೊತ್ತಿಲ್ಲ. ಮಧ್ಯಾಹ್ನ ಲಂಡನ್ ಬಾಗಿಲು ತೆಗೀತದೆ, ಸಂಜೆ ಅಮೆರಿಕ. ಅವರು ಎಂತ ಮಾಡ್ತಾರೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಯಾವನೋ ಎಲ್ಲಿಯೋ ಒಂದು ಮಾತು ಹೇಳಿದರೆ ಇಲ್ಲಿ ನನ್ನ ಬೋರ್ಡು ಅಲ್ಲಾಡ್ತದೆ."

"ನಾಲ್ಕು ತಿಂಗಳಿಂದ ಇದನ್ನೇ ಹೇಳ್ತಾ ಇದ್ದಿ," ಎಂದಳು ಕುಶಲಾ. ಅವಳ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೇಸರವಿತ್ತು. "ನಾನು ನಾಳೆ ನಾಳೆ ಅಂತ ಕಾದೆ, ಅದು ಏರ್ತಾ ಹೋಯಿತು. ಊರಿಗೆಲ್ಲ ರೇಟು ಹೇಳುವವನಿಗೆ ತಂಗಿಗೆ ಒಂದು ಮಾತು ಹೇಳ್ಲಿಕ್ಕೆ ಗೊತ್ತಿಲ್ಲ. ಆಯ್ತು ಬಿಡು, ಆಫೀಸಿನಿಂದ ಊಟದ ಹೊತ್ತಿಗೆ ಬಿಟ್ಟು ಹೋಗ್ತೇನೆ."

ಫೋನಿಟ್ಟ ಮೇಲೆ ಮೋಹನದಾಸರು ಪುನಃ ಲೆಕ್ಕದ ಕಾಗದ ಎಳೆದುಕೊಂಡರು. ನಿಜ ಹೇಳಿ ಹೇಳಿ ಸುಳ್ಳುಗಾರನಾಗುವುದು ಎಂದರೆ ಇದೇ ಇರಬೇಕು. ಅವಳೊಬ್ಬಳೇ ಅಲ್ಲ, ಯಾರೂ ನಂಬುತ್ತಿರಲಿಲ್ಲ. ಆದರೆ ಉಳಿದವರು ನಂಬದಿದ್ದರೆ ಹಪ್ಪಳ ಮುರಿಯಬಹುದು. ತಂಗಿ ನಂಬದೆ ಇರುವುದು ಮಾತ್ರ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಇತ್ತು.

ಯೂಸ್ಟೇಸ್ ಗಟ್ಟಿಯ ಬೆಲೆ ಹೇಳಿದ, ಮುಖೇಶ್ ಹೂಂ ಎಂದ. ಗ್ರಾಮಿಗೆ ಹನ್ನೊಂದು ಸಾವಿರದ ನಾನ್ನೂರ ಎಂಬತ್ತು ಎಂದು ಗುಂಪಿಗೆ ಹಾಕಿ ಮೋಹನದಾಸರು ಅಂಗಡಿಗೆ ಹೋದರು. ಹಳೆಯ ಕೆಲಸದವಳಾದ ವಾರಿಜಾಕ್ಷಿ ದೀಪ ಹಚ್ಚಿ, ಬೋರ್ಡು ಬದಲಾಯಿಸಿ, ಗಾಜು ಒರೆಸುತ್ತಿದ್ದಳು. ಬೆಳಿಗ್ಗೆಯೆಲ್ಲ ಇಬ್ಬರು ಬಂದರು. ಒಬ್ಬರು ರೇಟು ಕೇಳಿ ಹೋದರು, ಇನ್ನೊಬ್ಬರು ಫ್ಯಾನಿನಡಿ ಕುಳಿತು ಬೆವರು ಆರಿಸಿಕೊಂಡು ಹೋದರು.

ಊಟದ ಹೊತ್ತಿಗೆ ನಾಝಿಮಾ ಎಂಬ ಹೆಂಗಸು ಮೊಮ್ಮಗುವಿಗೆ ಸಣ್ಣ ಓಲೆ ನೋಡಲು ಬಂದಳು. ಓಲೆ ಆರಿಸಿಯಾಗಿ, ವಾರಿಜಾಕ್ಷಿ ಅದನ್ನು ತಕ್ಕಡಿಯ ಗಾಜಿನ ಪೆಟ್ಟಿಗೆಯತ್ತ ಒಯ್ಯುತ್ತಿದ್ದಾಗ ಯೂಸ್ಟೇಸನ ಫೋನು ಬಂತು.

"ಮೋಹನಣ್ಣ, ಬಿತ್ತು ಮಾರಾಯ್ರೆ! ಲಂಡನ್‌ನವರು ಬಂದದ್ದೇ ಮಾರ್ಲಿಕ್ಕೆ ಶುರು ಮಾಡಿದ್ದಾರೆ. ರೂಪಾಯಿಯೂ ಸ್ವಲ್ಪ ಗಟ್ಟಿಯಾಗಿದೆ. ನಮ್ಮ ಲೆಕ್ಕಕ್ಕೆ ಗ್ರಾಮಿಗೆ ನೂರ ಮೂವತ್ತು ಇಳಿಸ್ಬೇಕು. ಮುಂಬಯಿಯವರೂ ಅದೇ ಹೇಳ್ತಾರೆ. ಈಗಲೇ ಹಾಕಿ."

ಮೋಹನದಾಸರು ಫೋನನ್ನು ಕಿವಿಯಲ್ಲಿಟ್ಟುಕೊಂಡೇ ವಾರಿಜಾಕ್ಷಿಯತ್ತ ಕೈ ಅಡ್ಡ ಮಾಡಿದರು. "ಸ್ವಲ್ಪ ನಿಲ್ಲು. ಆ ಓಲೆಯ ತಿರುಪು ಬಿಗಿ ಉಂಟು. ಸರಿ ಮಾಡಿ ತೂಕ ಹಾಕು. ಅವರಿಗೆ ಒಂದು ಚಾ ತರಿಸು." ತಿರುಪಿಗೆ ಏನೂ ಆಗಿರಲಿಲ್ಲ. ಸತ್ತುಹೋದ ರೇಟಿನಲ್ಲಿ ಬಿಲ್ಲು ಹಾಕುವುದು ಅವರ ಕೈಗೆ ಒಗ್ಗದು, ಅಷ್ಟೇ. ವಾರಿಜಾಕ್ಷಿಗೆ ಇದು ಹೊಸತಲ್ಲ. ಅವಳು ಓಲೆಯನ್ನು ಹಿಡಿದುಕೊಂಡು ಒಳಗೆ ಹೋದಳು.

ಯೂಸ್ಟೇಸನ ಹೂಂ ಒಂದು, ತನ್ನದು ಇನ್ನೊಂದು. ಅಷ್ಟರಲ್ಲೇ ಮುಗಿಯಿತು ಕೆಲಸ. ಆದರೆ ಮೂರನೆಯವನಿಗೂ ತಿಳಿಸುವುದು ಪದ್ಧತಿ. ಮುಖೇಶನನ್ನೂ ಅದೇ ಫೋನಿಗೆ ಸೇರಿಸಿಕೊಂಡರು.

"ಅರ್ಧ ಗಂಟೆ ನೋಡುವ ಮೋಹನಣ್ಣ," ಎಂದ ಮುಖೇಶ್. ಅವನ ಹಿಂದೆ ಜನರ ಗದ್ದಲ ಕೇಳುತ್ತಿತ್ತು. "ಈಗ ಇಳಿಸಿ, ಅದು ಪುನಃ ಏರಿದರೆ ಪುನಃ ಏರಿಸ್ಬೇಕು. ಗಿರಾಕಿಗಳು ನಮ್ಮನ್ನು ಜುಗಾರಿಯವರು ಅಂತ ಹೇಳ್ತಾರೆ. ಇವತ್ತು ಮಾರ್ತಾ ಇರುವ ಮಾಲೆಲ್ಲ ನಾವು ಹೆಚ್ಚಿನ ಬೆಲೆಗೆ ತೆಗೆದದ್ದು."

"ಏರುವಾಗ ನಿಮಗೆ ಲಿಫ್ಟು, ಇಳಿಯುವಾಗ ಮೆಟ್ಟಿಲು!" ಎಂದ ಯೂಸ್ಟೇಸ್. "ಏರಿದಾಗ ಎರಡು ನಿಮಿಷ ಕಾದವರಾ ನೀವು? ಆವಾಗ ಹೇಳ್ತೀರಿ, ಮಾರಿದಷ್ಟು ಚಿನ್ನ ಇವತ್ತೇ ವಾಪಸ್ ತೆಗೀಬೇಕು, ಹಳೇ ರೇಟಲ್ಲಿ ಮಾರಿ ಹೊಸ ರೇಟಲ್ಲಿ ಗಟ್ಟಿ ತೆಗೆದ್ರೆ ಅಂಗಡಿ ಮುಳುಗ್ತದೆ ಅಂತ. ಈಗ ಅದೇ ಗಟ್ಟಿ ಕಡಿಮೆಗೆ ಸಿಗ್ತದಲ್ಲ? ಮತ್ತೆ ಹಳೇ ಚಿನ್ನ ಕೊಡ್ಲಿಕ್ಕೆ ಬಂದವರಿಗೆ ಸಣ್ಣ ಅಂಗಡಿಯವರು ಹೆಚ್ಚಿನ ರೇಟು ಕೊಡ್ತಾ ಕೂತಿದ್ದಾರೆ, ಅವರು ಮುಳುಗುವುದು ಲೆಕ್ಕಕ್ಕಿಲ್ಲವಾ?"

"ಅದೆಲ್ಲ ಸರಿ," ಎಂದ ಮುಖೇಶ್. ಒಂದು ಕ್ಷಣ ಬಿಟ್ಟು, ನಗುತ್ತಲೇ ಹೇಳಿದ: "ಮೋಹನಣ್ಣ, ನಿಮ್ಮ ತಂಗಿ ನಮ್ಮಲ್ಲೇ ಇದ್ದಾರೆ. ನಾನೇ ಕೂರಿಸಿ ಜ್ಯೂಸ್ ಕೊಟ್ಟು ಬಂದೆ. ಸರ ಆರಿಸ್ತಾ ಇದ್ದಾರೆ. ಸೆಕ್ರೆಟರಿಯ ತಂಗಿ ಕೌಂಟರಿನಲ್ಲಿ ಕೂತಾಗಲೇ ರೇಟು ಇಳಿಯಿತು ಅಂತ ನಾಳೆ ಗುಂಪಿನಲ್ಲಿ ಒಂದು ಮಾತು ಬರ್ತದೆ. ನನಗೇನಿಲ್ಲ. ನಿಮಗೋಸ್ಕರ ಹೇಳಿದೆ."

ಮೋಹನದಾಸರ ಎದುರಿಗೆ ಕಂಡದ್ದು ಕುಶಲಾಳ ಮುಖವಲ್ಲ, ಮೆಟ್ಟಿಲು ಹತ್ತದೆ ಸತ್ತ ಆ ಹಿಂದಿನ ಕಾರ್ಯದರ್ಶಿಯ ಮುಖ. ತಾನು ಬೆಳಿಗ್ಗೆ ತಂಗಿಗೆ ಏನೂ ಹೇಳಿಲ್ಲ ಎಂದು ಯಾರ ಹತ್ತಿರ ಪ್ರಮಾಣ ಮಾಡುವುದು? ತಂಗಿಯೇ ನಂಬದ ಮಾತನ್ನು ಊರು ನಂಬುತ್ತದೆಯೇ? ಇಷ್ಟು ವರ್ಷ ಹೊತ್ತ ಹೆಸರು ಒಂದು ಜ್ಯೂಸಿನ ಗ್ಲಾಸಿನಲ್ಲಿ ಮುಳುಗಿ ಹೋಗುವುದು ಬೇಡ.

"ಸ್ವಲ್ಪ ನೋಡುವ," ಎಂದರು ಅವರು. "ಹದಿನೈದು ನಿಮಿಷ. ಬೆಲೆ ನಿಲ್ತದಾ ಅಂತ ನೋಡಿ ಹಾಕ್ತೇನೆ."

"ಎಂತ ಮೋಹನಣ್ಣ, ನೀವೂನಾ?" ಎಂದ ಯೂಸ್ಟೇಸ್, ಫೋನಿಟ್ಟ.

ಅವರು ಮೆಸೇಜು ಬರೆದಿಟ್ಟರು. ಹನ್ನೊಂದು ಸಾವಿರದ ಮುನ್ನೂರ ಐವತ್ತು. ಒತ್ತುವುದೊಂದೇ ಬಾಕಿ. ಫೋನನ್ನು ಗಾಜಿನ ಮೇಲೆ ಇಟ್ಟು ಅದನ್ನೇ ನೋಡುತ್ತ ಕುಳಿತರು. ಬೆಲೆ ಏರಿದರೆ ತಾನು ಕಾದದ್ದು ಸರಿಯಾಗುತ್ತದೆ ಎಂದು ಮನಸ್ಸು ಹಾರೈಸುತ್ತಿತ್ತು. ಚಿನ್ನ ಏರಲಿ ಎಂದು ಅವರು ಬೇಡಿಕೊಂಡದ್ದು ಜನ್ಮದಲ್ಲಿ ಅದೇ ಮೊದಲು. ಅದು ಏರಲಿಲ್ಲ.

ಕುಶಲಾಳಿಗೆ ಒಂದು ಮಿಸ್ ಕಾಲ್ ಕೊಟ್ಟರೆ? ಅವಳು ಎದ್ದು ಹೊರಗೆ ಬಂದು ತಿರುಗಿ ಫೋನ್ ಮಾಡುತ್ತಾಳೆ, ಅಷ್ಟರಲ್ಲಿ ಹೊತ್ತು ಕಳೆಯುತ್ತದೆ. ಕಟ್ಟು ಮುರಿದಂತೆಯೂ ಆಗುವುದಿಲ್ಲ. ಛೆ, ಎಂಥ ಯೋಚನೆ ಎಂದು ಅವರೇ ಬೈದುಕೊಂಡರು. ಅವಳನ್ನು ಉಳಿಸಲು ಕಳ್ಳದಾರಿ ಬೇಕಿರಲಿಲ್ಲ, ಬರೆದಿಟ್ಟ ಮೆಸೇಜು ಒತ್ತಿದರೆ ಸಾಕಿತ್ತು. ಅದೇ ನೇರ ದಾರಿ. ಅದೇ ಅವರ ಕೆಲಸ. ಇವತ್ತು ಮಾತ್ರ ನೇರ ದಾರಿಯೇ ಕಳ್ಳದಾರಿಯ ಹಾಗೆ ಕಾಣುತ್ತಿತ್ತು.

ವಾರಿಜಾಕ್ಷಿ ಒಳಗಿನಿಂದ ಇಣುಕಿದಳು. "ತಿರುಪು ಇನ್ನೂ ಎಷ್ಟು ಸರಿ ಮಾಡುವುದು? ಅವರ ಚಾ ಆಯ್ತು."

"ಇನ್ನೊಂದು ಜೊತೆ ತೋರಿಸು."

"ಹಾಕ್ಲಿಲ್ವಾ ಇನ್ನೂ?" ಎಂದು ಅವಳು ಫೋನಿನತ್ತ ನೋಡಿ ಮೆಲ್ಲಗೆ ಕೇಳಿದಳು. ಮೋಹನದಾಸರು ಫೋನನ್ನು ತಮ್ಮತ್ತ ಎಳೆದುಕೊಂಡರು. ನಾಝಿಮಾ ತನಗೇನೂ ಅವಸರವಿಲ್ಲ, ಮನೆಯಲ್ಲಿ ಮಗು ಮಲಗಿದೆ ಎಂದು ಎರಡನೆಯ ಜೊತೆಯನ್ನು ಕಿವಿಗೆ ಹಿಡಿದು ಕನ್ನಡಿ ನೋಡಿದಳು. ಪಾಪ, ತನಗೆ ನಡೆಯುತ್ತಿರುವ ಉಪಚಾರದ ಅರ್ಥ ಆಕೆಗೆ ಗೊತ್ತಿರಲಿಲ್ಲ.

ಹದಿನೈದು ನಿಮಿಷ ಪೂರ್ತಿ ಕಾಯಲು ಅವರಿಂದ ಆಗಲಿಲ್ಲ. ಆದರೂ ಕಾದದ್ದು ಸಾಕಷ್ಟಾಗಿತ್ತು. ಒತ್ತಿದರು. ಒಡನೆಯೇ ಗುಂಪಿನಲ್ಲಿ ಹೆಬ್ಬೆರಳುಗಳು ಏಳತೊಡಗಿದವು. ವಾರಿಜಾಕ್ಷಿ ಬೋರ್ಡು ಬದಲಾಯಿಸಿ, ಓಲೆಯನ್ನು ತಕ್ಕಡಿಗೆ ಇಟ್ಟಳು. "ನಿಮ್ಮ ಅದೃಷ್ಟ ನೋಡಿ, ಈಗಲೇ ಇಳಿಯಿತು," ಎಂದಳು ನಾಝಿಮಾಳಿಗೆ. ನಾಝಿಮಾ ಸಂತೋಷದಿಂದ ಮೋಹನದಾಸರತ್ತ ತಿರುಗಿ, ನಿಮ್ಮ ಕೈಗುಣ ಒಳ್ಳೆಯದುಂಟು ಎಂದು ಹೇಳಿ ಹೋದಳು.

ಕುಶಲಾ ಬಂದದ್ದು ಆಫೀಸು ಬಿಟ್ಟ ಮೇಲೆ. ಅವಳು ಆ ಅಂಗಡಿಗೆ ಕಾಲಿಡದೆ ತಿಂಗಳುಗಳೇ ಆಗಿದ್ದವು. ಕೈಯಲ್ಲಿ ಶೋರೂಮಿನ ದೊಡ್ಡ ಚೀಲ, ಅದರೊಳಗೆ ಒಂದು ಸಣ್ಣ ಪೆಟ್ಟಿಗೆ. ಬೆಂಚಿನ ಮೇಲೆ ಕುಳಿತು, ಚಪ್ಪಲಿ ಕಳಚಿ, ಪೆಟ್ಟಿಗೆ ತೆರೆದು ಅಣ್ಣನ ಮುಂದೆ ಸರಿಸಿದಳು.

"ಒಮ್ಮೆ ಕೈಯಲ್ಲಿ ಹಿಡಿದು ನೋಡು. ಸರಿ ಉಂಟಾ?"

ಮೋಹನದಾಸರು ಸರವನ್ನು ಅಂಗೈಗೆ ಇಳಿಸಿಕೊಂಡರು. ಒಳ್ಳೆಯ ಕೆಲಸ. ಕಾಳು ಕಾಳೂ ಒಂದೇ ಸಮ. "ಚಂದ ಉಂಟು," ಎಂದರು. ಆಮೇಲೆ ತಡೆಯಲಾರದೆ ಕೇಳಿದರು: "ಯಾವ ರೇಟಿಗೆ ಬಿತ್ತು?"

"ಬೆಳಗಿನದಕ್ಕೇ." ಕುಶಲಾ ನಕ್ಕಳು. "ತಕ್ಕಡಿಗೆ ಇಟ್ಟು ಬಿಲ್ಲು ಹಾಕಿ ಆಯ್ತು, ಹಣ ಕಟ್ಟಿ ಎದ್ದು ನಿಂತೆ, ಅವರ ಬೋರ್ಡು ಕಣ್ಣೆದುರೇ ಇಳಿಯಿತು ಮಾರಾಯ! ತೂಕ ಆದ ಮೇಲೆ ಬದಲಿಲ್ಲ ಅಂದ್ರು. ಎರಡು ಸಾವಿರದ ಮೇಲೆ ಹೋಯಿತು. ನಿರೀಕ್ಷಾಳಿಗೆ ಒಂದು ಸೀರೆಗೆ ರವಿಕೆ ಹೊಲಿಸುವುದಿತ್ತು, ಆರಿ ವರ್ಕ್ ಕಸೂತಿ ಹಾಕಿಸಿ. ಇನ್ನು ಸಾದಾ ಹೊಲಿಸಿದ್ರಾಯ್ತು."

ಮೋಹನದಾಸರ ಕೈಯಲ್ಲಿ ಸರ ಹಾಗೇ ಇತ್ತು. "ವ್ಯತ್ಯಾಸ ನಾನು ಕೊಡ್ತೇನೆ," ಎಂದರು.

"ಹುಚ್ಚಾ ನಿನಗೆ? ಅದಕ್ಕೆ ಬಂದವಳಲ್ಲ ನಾನು." ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದವಳ ಹಾಗೆ ಸ್ವಲ್ಪ ತಡೆದು ಶುರು ಮಾಡಿದಳು. "ಅಲ್ಲಿ ನನ್ನ ಪಕ್ಕ ಕೂತ ಹೆಂಗಸೂ ಬಿಲ್ಲು ಮಾಡಿಸಿ ಆಗಿತ್ತು. ಅವರು ಬೈಲಿಕ್ಕೆ ಶುರು ಮಾಡಿದ್ರು. ಇವರೆಲ್ಲ ಕಳ್ಳರು, ಮೊದಲೇ ಗೊತ್ತಿರ್ತದೆ, ತಮ್ಮವರಿಗೆ ಮಾತ್ರ ಹೇಳ್ತಾರೆ ಅಂತ. ನನಗೆ ಎಲ್ಲಿಂದ ಸಿಟ್ಟು ಬಂತೋ. ಹೇಳಿದೆ, ರೇಟು ಹಾಕುವವನ ಸ್ವಂತ ತಂಗಿ ನಾನು, ನೋಡಿ ನನ್ನ ಬಿಲ್ಲು. ನಿಮ್ಮದೇ ರೇಟು. ಅವನಿಗೆ ಗೊತ್ತಿದ್ರೆ ನಾನು ಇಲ್ಲಿ ಹೀಗೆ ಕೂತಿರ್ತಿದ್ದೆನಾ? ಅವರ ಬಾಯಿ ಬಂದ್."

ವಾರಿಜಾಕ್ಷಿ ಗಾಜು ಒರೆಸುವುದನ್ನು ನಿಲ್ಲಿಸಿ, ಪುನಃ ಒರೆಸತೊಡಗಿದಳು.

"ಹೇಳಿದ ಮೇಲೆ ನನಗೇ ನಾಚಿಕೆ ಆಯ್ತು, ಅಣ್ಣ," ಎಂದಳು ಕುಶಲಾ. ಅವಳ ಕಣ್ಣು ತುಂಬಿತ್ತು. "ಹೊರಗಿನವರಿಗೆ ಹೇಳಿದ್ದನ್ನು ನಾನೇ ನಾಲ್ಕು ತಿಂಗಳು ನಂಬಿರ್ಲಿಲ್ಲ. ದಿನಾ ನಿನ್ನ ಮೇಲೆ ಗುರ್ ಅಂತ ಇದ್ದೆ. ನೀನು ನಿಜವನ್ನೇ ಹೇಳ್ತಾ ಇದ್ದಿ."

ಮೋಹನದಾಸರಿಗೆ ಕೂಗಿ ಹೇಳಬೇಕೆನಿಸಿತು. ಅಷ್ಟು ದಿನ ಹೇಳಿದ್ದು ನಿಜ ಮಾರಾಯ್ತಿ, ಇವತ್ತು ಮಧ್ಯಾಹ್ನ ಮಾತ್ರ ನನಗೆ ಗೊತ್ತಿತ್ತು ಎಂದು. ಯಾರದೋ ಮೊಮ್ಮಗುವಿನ ಓಲೆಗೆ ಚಾ ತರಿಸಿ ಕಾದವನು ನಿನ್ನನ್ನು ಗೊತ್ತಿದ್ದೂ ತಕ್ಕಡಿಗೆ ಬಿಟ್ಟೆ ಎಂದು. ಹೆಸರು ಉಳಿಯಿತು, ನಿಜ. ಅದಕ್ಕೆ ಹಣ ಕೊಟ್ಟವಳು ಇವಳು. ಇವಳ ಜೊತೆ ಪಕ್ಕ ಕೂತ ಆ ಬೈದ ಹೆಂಗಸೂ ಕೊಟ್ಟಳು. ಆಕೆ ಬೈದದ್ದರಲ್ಲಿ ತಪ್ಪೇನಿತ್ತು?

ಫೋನು ಗುನುಗಿತು. ಯೂಸ್ಟೇಸ್. ಅಮೆರಿಕ ಬಾಗಿಲು ತೆರೆಯುವ ಹೊತ್ತಾಗಿತ್ತು. ಅವರು ಎತ್ತಲಿಲ್ಲ.

"ಒಂದು ಮಾತು ಕೇಳಿ ಎದ್ದು ಹೋಗ್ತೇನೆ," ಎಂದಳು ಕುಶಲಾ. "ಸಿಟ್ಟು ಮಾಡ್ಬೇಡ. ನಿನಗೆ ನಿಜವಾಗಿ ಗೊತ್ತಿರ್ಲಿಲ್ಲ, ಅಲ್ವಾ?"

ವಾರಿಜಾಕ್ಷಿ ತಲೆ ಎತ್ತಲಿಲ್ಲ. ಮೋಹನದಾಸರು ಸರವನ್ನು ನಿಧಾನವಾಗಿ ಪೆಟ್ಟಿಗೆಯೊಳಗೆ, ಅದರ ಮಖಮಲ್ಲಿನ ಗುಣಿಯಲ್ಲಿ ಸರಿಯಾಗಿ ಕೂರಿಸಿದರು.

"ಗೊತ್ತಿರ್ಲಿಲ್ಲ," ಎಂದರು.

ಅಷ್ಟು ದಿನ ಆಣೆ ಹಾಕಿ ಹೇಳಿದರೂ ಒಪ್ಪದ ಕುಶಲಾ ಈಗ ಒಂದೇ ಮಾತಿಗೆ ತಲೆಯಾಡಿಸಿದಳು. ಪೆಟ್ಟಿಗೆ ಮುಚ್ಚಿ ಎದೆಗೊತ್ತಿಕೊಂಡು, "ಸಾಕು ಅಣ್ಣ, ನನಗೆ ಅಷ್ಟೇ ಬೇಕಿತ್ತು," ಎಂದು ಚಪ್ಪಲಿ ಮೆಟ್ಟಿಕೊಂಡಳು.